ಟಿಸಿಗೆ ಎರಡು ಬಾಗಿಲು: ಕೈ ಹಾಕುವ ಮೊದಲು ಲೈನ್ ಬಿಡಿಸುವುದು, ಡಿಸ್ಚಾರ್ಜ್ ಮಾಡುವುದು, ಅರ್ಥ್ ಕಟ್ಟುವುದು

ಮಳೆಗಾಲಕ್ಕೆ ಮೊದಲು ನಮ್ಮ ಗ್ಯಾಂಗಿಗೆ ಹೊಸ ಹುಡುಗರು ಬರುತ್ತಾರೆ. ಹೆಚ್ಚಿನವರು ಐಟಿಐ ಮುಗಿಸಿದವರು. ಕಂಬ ಹತ್ತುವುದರಲ್ಲಿ ನನಗಿಂತ ಚುರುಕು. ಮೊದಲ ದಿನ ಅವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಸಬ್‌ಸ್ಟೇಷನ್‌ನಲ್ಲಿ ಫೀಡರ್ ಆಫ್ ಆಗಿದೆ, ಟಿಸಿಯ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರಿನ, ಮೇಲೆ ಲೈನ್ ಬಿಡಿಸುವ ಜಿಓಎಸ್ ಸ್ವಿಚ್ ತೆರೆದಿದ್ದೀರಿ, ಮೂರೂ ಬ್ಲೇಡ್ ಕಣ್ಣಿಗೆ ಕಾಣುವ ಹಾಗೆ ದೂರ ಹೋಗಿವೆ. ಈಗ ಟಿಸಿಯ ಎಚ್‌ಟಿ, ಅಂದರೆ 11 ಕೆವಿ ಕಡೆಯ, ಬುಶಿಂಗ್ ಮುಟ್ಟಬಹುದಾ? ಹತ್ತರಲ್ಲಿ ಎಂಟು ಜನ ಹೌದು ಅನ್ನುತ್ತಾರೆ. ಕೆಲವು ವರ್ಷದ ಹಿಂದೆ ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆನೋ ಏನೋ. ತೀರ್ಥಹಳ್ಳಿ ಕಡೆಯ ಒಂದು ಕೆಲಸದಲ್ಲಿ ಆ ನಂಬಿಕೆ ಹೋಯಿತು.

ಇಲ್ಲಿ ಬರೆಯುತ್ತಿರುವುದು ಕಂಬದ ಮೇಲಿನ ಸಾಮಾನ್ಯ 11 ಕೆವಿ / 433 ವೋಲ್ಟ್ ಟಿಸಿಯ ಬಗ್ಗೆ. 25, 63, 100 ಕೆವಿಎ ಯಾವುದೇ ಇರಲಿ, ಕ್ರಮ ಒಂದೇ. ಸಬ್‌ಸ್ಟೇಷನ್‌ನ ದೊಡ್ಡ ಪವರ್ ಟ್ರಾನ್ಸ್‌ಫಾರ್ಮರಿಗೆ ಬೇರೆ ಹೆಜ್ಜೆಗಳೂ ಇವೆ, ಅದು ಇಲ್ಲಿ ಬೇಡ. ಇನ್ನೊಂದು ಮಾತು: ಇದನ್ನು ಓದಿಕೊಂಡು ಯಾರೂ ಒಬ್ಬರೇ ಹೋಗಿ ಮಾಡುವ ಕೆಲಸ ಅಲ್ಲ. ಅಧಿಕಾರ ಇರುವವರು, ಸಬ್‌ಸ್ಟೇಷನ್‌ನಿಂದ ಎಲ್‌ಸಿ ಅಂದರೆ ಲೈನ್ ಕ್ಲಿಯರ್ ತೆಗೆದುಕೊಂಡು, ಕನಿಷ್ಠ ಇಬ್ಬರು ಇದ್ದು ಮಾಡುವ ಕೆಲಸ.

ಅವತ್ತು ಆದದ್ದು

ಜುಲೈ ತಿಂಗಳು. 63 ಕೆವಿಎ ಟಿಸಿಯ ಎಲ್‌ಟಿ, ಅಂದರೆ 433 ವೋಲ್ಟ್ ಕಡೆಯ, ಬುಶಿಂಗ್ ಒಂದರ ಗ್ಯಾಸ್ಕೆಟ್ ಹೋಗಿ ಎಣ್ಣೆ ಸೋರುತ್ತಿತ್ತು. ಲೈನಿನ ತುದಿಯ ಟಿಸಿ. ಅದರ ಮೇಲೆ ಇದ್ದದ್ದು ನಾಲ್ಕೈದು ತೋಟದ ಮನೆ, ಅಷ್ಟೇ. ಬೆಳಿಗ್ಗೆಯಿಂದ ಗುಡುಗು, ಹತ್ತು ಗಂಟೆಗೆ ಸ್ವಲ್ಪ ಬಿಡುವು ಕೊಟ್ಟಿತು. ಎಲ್‌ಸಿ ಸಿಕ್ಕಿತು, ಜಿಓಎಸ್ ತೆರೆದೆವು, ಬೀಗ ಹಾಕಿದೆವು. ಎಲ್‌ಟಿ ಬಾಕ್ಸಿನ ಫ್ಯೂಸ್ ಕೀಳಲಿಲ್ಲ. ಎಚ್‌ಟಿ ಇಲ್ಲದ ಮೇಲೆ ಎಲ್‌ಟಿಯಲ್ಲಿ ಎಲ್ಲಿಂದ ಬರಬೇಕು ಅನ್ನುವ ಲೆಕ್ಕ ನಮ್ಮದು. ತಪ್ಪು ನನ್ನದೇ, ಆ ದಿನ ಮೇಲ್ವಿಚಾರಣೆ ನನ್ನ ಮೇಲಿತ್ತು.

ವೋಲ್ಟೇಜ್ ಇದ್ದರೆ ಕೂಗುವ ಡಿಟೆಕ್ಟರನ್ನು ಕೋಲಿಗೆ ಸಿಕ್ಕಿಸಿ ಜಿಓಎಸ್‌ನ ಮೇಲಿನ ಲೈನಿಗೆ ಹಿಡಿದರೆ ಸದ್ದಿಲ್ಲ. ಕೆಳಗೆ, ಟಿಸಿಯ ಬುಶಿಂಗಿಗೆ ಇಳಿಯುವ ತಂತಿಗೆ, ಅಂದರೆ ಎಚ್‌ಟಿ ಜಂಪಿಗೆ ಹಿಡಿದರೆ ಕೀಂ ಎಂದು ಕೂಗುತ್ತಾ ಕೆಂಪು ದೀಪ ಹೊಡೆಯಿತು. ಮತ್ತೆ ಮೇಲೆ ಹಿಡಿದರೆ ಸುಮ್ಮನೆ, ಕೆಳಗೆ ಹಿಡಿದರೆ ಕೂಗು.

"ಮಳೆ ನೀರು ಒಳಗೆ ಹೋಗಿರಬೇಕು ಅಣ್ಣಾ, ಹಾಳಾಗಿದೆ ಅದು" ಅಂದ ನಮ್ಮ ಹುಡುಗ.

"ಹಾಳಾಗಿದ್ರೆ ಮೇಲೂ ಕೂಗಬೇಕಿತ್ತಲ್ಲ ಮಾರಾಯ" ಅಂದೆ. ಬಾಯಲ್ಲಿ ಹಾಗೆ ಅಂದರೂ ನನಗೂ ಮೊದಲು ಬಂದ ಯೋಚನೆ ಡಿಟೆಕ್ಟರ್ ಹಾಳಾಗಿದೆ ಅಂತಲೇ. ಯಾಕೆಂದರೆ ಮೇಲೆ ಇಲ್ಲದ ಕರೆಂಟು ಕೆಳಗೆ ಹೇಗೆ ಬರುತ್ತೆ?

ಎಲ್‌ಟಿ ಬಾಕ್ಸಿನ ಬಾಗಿಲು ತೆಗೆದು ಮೀಟರ್ ಹಿಡಿದೆ. ಆರ್ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 190 ವೋಲ್ಟ್. ಅರ್ಧ ಫರ್ಲಾಂಗ್ ಆಚೆ ಒಂದು ಮನೆಯ ಹಿಂದೆ ಜನರೇಟರ್ ಓಡುತ್ತಿತ್ತು. ಮಳೆಯ ಸದ್ದಿಗೆ, ಅಡಿಕೆ ತೋಟದ ಮಧ್ಯೆ, ನಮಗೆ ಕೇಳಿಸಿಯೇ ಇರಲಿಲ್ಲ. ಮೂರು ಕೆವಿಎ ಪೆಟ್ರೋಲ್ ಜನರೇಟರ್. ಎರಡೂ ತುದಿಗೆ ಪಿನ್ ಇರುವ ವೈರಿನಲ್ಲಿ ಅದನ್ನು ಮನೆಯ ಪ್ಲಗ್ಗಿಗೆ ಚುಚ್ಚಿದ್ದರು, ಮೇನ್ ಸ್ವಿಚ್ ಆಫ್ ಮಾಡಿರಲಿಲ್ಲ. ಚೇಂಜ್ ಓವರ್ ಸ್ವಿಚ್ ಅಂತ ಒಂದು ಇರುತ್ತದೆ ಅನ್ನುವುದೇ ಆ ಯಜಮಾನರಿಗೆ ಗೊತ್ತಿರಲಿಲ್ಲ. "ಫ್ರಿಜ್ಜಿಗೆ ಮಾತ್ರ ಹಾಕಿದ್ದು ಸಾರ್" ಅಂದರು ಪಾಪ.

ಈಗ ಲೆಕ್ಕ ನೋಡಿ. ಈ ಟಿಸಿಯಲ್ಲಿ ಎಚ್‌ಟಿ ಡೆಲ್ಟಾ, ಎಲ್‌ಟಿ ಸ್ಟಾರ್. ಎಲ್‌ಟಿಯ ಒಂದು ಫೇಸಿಗೂ ನ್ಯೂಟ್ರಲ್‌ಗೂ 250 ವೋಲ್ಟ್ ಇದ್ದಾಗ ಎಚ್‌ಟಿ ಕಡೆಯ ಒಂದು ಕಾಯಿಲ್‌ನಲ್ಲಿ 11,000 ಇರುತ್ತದೆ. ಅಂದರೆ 44 ಪಟ್ಟು. 190ನ್ನು 44ರಿಂದ ಗುಣಿಸಿದರೆ 8,360 ವೋಲ್ಟ್. ಮನೆ ಹಿಂದಿನ ಫ್ರಿಜ್ ಓಡಿಸುವ ಜನರೇಟರ್, ನಾವು ಕೈ ಹಾಕಬೇಕಿದ್ದ ಬುಶಿಂಗ್‌ಗಳ ನಡುವೆ ಎಂಟು ಸಾವಿರ ವೋಲ್ಟ್ ಕೂರಿಸಿತ್ತು.

ಇಷ್ಟು ಸಣ್ಣ ಜನರೇಟರ್ ಟಿಸಿಯನ್ನು ಹೇಗೆ ಎತ್ತುತ್ತದೆ ಅಂತ ಕೇಳುತ್ತಾರೆ. ಫುಲ್ ಲೋಡಿನಲ್ಲಿ 63 ಕೆವಿಎ ಟಿಸಿಯ ಎಲ್‌ಟಿಯಲ್ಲಿ 84 ಆಂಪ್ಸ್ ಹರಿಯುತ್ತದೆ, ನಿಜ. ಖಾಲಿ ಇದ್ದಾಗ ಅದು ಕೇಳುವುದು ಒಂದೆರಡು ಆಂಪ್ಸ್ ಅಷ್ಟೇ. ಮೂರು ಕೆವಿಎ ಜನರೇಟರಿಗೆ ಅದು ಲೆಕ್ಕಕ್ಕೇ ಇಲ್ಲ. ಸಾಮಾನ್ಯವಾಗಿ ಜನರೇಟರನ್ನು ಮಲಗಿಸುವುದು ಅದೇ ಫೇಸಿನ ಉಳಿದ ಮನೆಗಳ ಲೋಡು. ಆದರೆ ನಮ್ಮ ಕಡೆ ಗುಡುಗು ಶುರುವಾದ ಕೂಡಲೇ ಎಲ್ಲರೂ ಮೇನ್ ಆಫ್ ಮಾಡಿ ಕೂರುತ್ತಾರಲ್ಲ, ಅವತ್ತೂ ಹಾಗೇ ಆಗಿತ್ತು. ಲೈನಿನಲ್ಲಿ ಬೇರೆ ಲೋಡೇ ಇರಲಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಜಿಓಎಸ್ ಮುಚ್ಚಿಯೇ ಇದ್ದಿದ್ದರೆ ಆ ಜನರೇಟರ್ ಹಿಂದಿನಿಂದ ಇಡೀ 11 ಕೆವಿ ಲೈನನ್ನೂ, ಅದರ ಮೇಲಿರುವ ಎಲ್ಲ ಟಿಸಿಗಳನ್ನೂ ಎಳೆಯಬೇಕಿತ್ತು. ಎರಡು ಸೆಕೆಂಡಿನಲ್ಲಿ ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಜಿಓಎಸ್ ತೆರೆದ ನಾವೇ ಅದರ ತಲೆ ಮೇಲಿನ ಹೊರೆ ಇಳಿಸಿದ್ದೆವು. ಎಚ್‌ಟಿ ಮಾತ್ರ ಬಿಡಿಸಿ ಎಲ್‌ಟಿ ಬಿಟ್ಟರೆ ಟಿಸಿ ಸುರಕ್ಷಿತ ಆಗುವುದಿಲ್ಲ, ಹಿಂದಿನಿಂದ ಬರುವ ಕರೆಂಟಿಗೆ ದಾರಿ ಸಲೀಸಾಗುತ್ತದೆ. ಈಗ ನಾನು ಹೇಳಿಕೊಡುವ ಕ್ರಮ ಪೂರ್ತಿ ಇದರ ಮೇಲೆ ನಿಂತಿದೆ.

ಮೊದಲು ಎಲ್‌ಸಿ, ಬಾಯಿ ಮಾತಿನಲ್ಲಿ ಬೇಡ

ಸಬ್‌ಸ್ಟೇಷನ್ ಆಪರೇಟರ್ ಹತ್ತಿರ ಲೈನ್ ಕ್ಲಿಯರ್ ತೆಗೆದುಕೊಳ್ಳುವಾಗ ಫೀಡರಿನ ಹೆಸರು, ಜಾಗ, ಟಿಸಿ ನಂಬರ್, ಮಾಡುವ ಕೆಲಸ, ನಿಮ್ಮ ಹೆಸರು, ಸಮಯ ಎಲ್ಲ ಬರಹದಲ್ಲಿ ಇರಲಿ. ಎಲ್‌ಸಿ ನಂಬರನ್ನು ಇಬ್ಬರೂ ಬರೆದುಕೊಂಡು ಒಬ್ಬರಿಗೊಬ್ಬರು ಓದಿ ಹೇಳಿ. "ಹತ್ತೂವರೆಗೆ ತೆಗೀರಿ, ಹನ್ನೊಂದಕ್ಕೆ ಹಾಕಿ" ಅನ್ನುವ ಗಡಿಯಾರದ ಒಪ್ಪಂದ ಮಾತ್ರ ಯಾವತ್ತೂ ಬೇಡ. ಕಾಡಿನೊಳಗೆ ಮೊಬೈಲ್ ಸಿಗ್ನಲ್ ಸಿಗದೆ ನೀವು ಕಂಬದ ಮೇಲೇ ಇರುವಾಗ ಅಲ್ಲಿ ಹನ್ನೊಂದು ಹೊಡೆದಿರುತ್ತದೆ.

ಮಲೆನಾಡಿನಲ್ಲಿ ಒಂದು ಗೋಜಲು ಜಾಸ್ತಿ. ಮರ ಬಿದ್ದು ಒಂದು ಕಡೆ ಲೈನ್ ಹೋದಾಗ ಅರ್ಧ ಊರನ್ನು ಪಕ್ಕದ ಫೀಡರಿಗೆ ಕೊಟ್ಟಿರುತ್ತಾರೆ. ಹದಿನೈದು ದಿನ ಹಾಗೇ ಇರುತ್ತದೆ, ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಕಾಗದದ ಪ್ರಕಾರ ನಿಮ್ಮ ಟಿಸಿ ಒಂದು ಫೀಡರ್, ಕರೆಂಟು ಬರುವುದು ಇನ್ನೊಂದರಿಂದ. ಹಾಗಾಗಿ ಈ ಲೈನ್ ಇವತ್ತು ಎಲ್ಲಿಂದ ಬರುತ್ತಿದೆ ಅಂತ ಆಪರೇಟರನ್ನೂ, ಆ ಊರಿನ ಪವರ್‌ಮ್ಯಾನನ್ನೂ ಇಬ್ಬರನ್ನೂ ಕೇಳಿ. ನಾನು ಹೆಚ್ಚಾಗಿ ಪವರ್‌ಮ್ಯಾನ್ ಮಾತನ್ನೇ ನಂಬುತ್ತೇನೆ.

ಬರೀ ಜಿಓಎಸ್ ತೆರೆದು, ಎಲ್‌ಸಿ ಇಲ್ಲದೆ ಟಿಸಿ ಮೇಲೆ ಹತ್ತುವುದು ಬೇಡ. ಜಿಓಎಸ್‌ನ ಮೇಲಿನ ತುದಿ ಆಗ ಲೈವ್ ಇರುತ್ತದೆ, ಅದು ನಿಮ್ಮ ತಲೆಯಿಂದ ಒಂದು ಕೈಯಳತೆ ದೂರ. ಸ್ಪ್ಯಾನರ್ ಎತ್ತಿದರೆ ಮುಗಿಯಿತು.

ಎಲ್‌ಟಿ ಬಾಗಿಲು ಮೊದಲು

ಎಲ್‌ಸಿ ಬಂದ ಮೇಲೆ ಮೊದಲು ಕೈ ಹೋಗಬೇಕಾದದ್ದು ಎಲ್‌ಟಿ ಬಾಕ್ಸಿಗೆ. ಬ್ರೇಕರ್ ಇದ್ದರೆ ಆಫ್ ಮಾಡಿ, ಪ್ರತಿ ಸರ್ಕ್ಯೂಟಿನ ಮೂರೂ ಫ್ಯೂಸ್ ಕಿತ್ತು, ಕಿತ್ತದ್ದನ್ನು ನಿಮ್ಮ ಚೀಲದಲ್ಲಿ ಇಟ್ಟುಕೊಳ್ಳಿ. ಬಾಕ್ಸಿನಲ್ಲೇ ಇಟ್ಟರೆ ಊರಿನವರು ಯಾರಾದರೂ ಸಹಾಯ ಮಾಡುವ ಹುರುಪಿನಲ್ಲಿ ಹಾಕಿಬಿಡಬಹುದು, ಇದು ಆಗಿದೆ. ಬಾಕ್ಸಿಗೆ ಬೀಗ, ಬೀಗಕ್ಕೆ "ಕೆಲಸ ನಡೆಯುತ್ತಿದೆ" ಬೋರ್ಡು.

ಎಲ್‌ಟಿ ಮೊದಲು ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಜಿಓಎಸ್ ಲೋಡ್ ಕಡಿಯಲು ಮಾಡಿದ ಸ್ವಿಚ್ ಅಲ್ಲ. ಖಾಲಿ ಟಿಸಿಯನ್ನು ಬಿಡಿಸುವುದು ಬೇರೆ, ಸಂಜೆ ಹೊತ್ತಿನ ಪೂರ್ತಿ ಲೋಡಿನಲ್ಲಿ ತೆರೆದು ಬ್ಲೇಡಿನ ಮೇಲೆ ಬೆಂಕಿ ಎಳೆಯುವುದು ಬೇರೆ. ಎಲ್‌ಸಿ ಸಿಕ್ಕಿ ಲೈನ್ ಸತ್ತಿದ್ದರೂ ಈ ಕ್ರಮವನ್ನು ಅಭ್ಯಾಸ ಮಾಡಿಕೊಂಡರೆ, ಒಂದು ದಿನ ಫೀಡರ್ ಅದಲು ಬದಲಾಗಿ ಲೈನ್ ಬದುಕಿದ್ದರೂ ಕೈ ಸುಡುವುದಿಲ್ಲ.

ಇಲ್ಲಿ ಎಲ್ಲರೂ ಮರೆಯುವುದು ನ್ಯೂಟ್ರಲ್. ಅದಕ್ಕೆ ಫ್ಯೂಸ್ ಇಲ್ಲ, ಆದ್ದರಿಂದ ಫ್ಯೂಸ್ ಕಿತ್ತರೂ ಅದು ಕಳಚುವುದಿಲ್ಲ. ಎರಡು ಟಿಸಿಗಳ ಎಲ್‌ಟಿ ಲೈನ್ ಒಂದೇ ಕಂಬದಲ್ಲಿ ಸೇರುವ ಕಡೆ ನ್ಯೂಟ್ರಲ್ ಎರಡಕ್ಕೂ ಒಂದೇ ಆಗಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆಗ ಪಕ್ಕದ ಟಿಸಿಯ ಕರೆಂಟು ನಿಮ್ಮ ನ್ಯೂಟ್ರಲ್ ಮೇಲೆ ಓಡಾಡುತ್ತಿರುತ್ತದೆ. ನೀವು ನ್ಯೂಟ್ರಲ್ ಬೋಲ್ಟ್ ಬಿಚ್ಚಿದ ಕ್ಷಣ ಬಿಚ್ಚಿದ ಎರಡು ತುದಿಗಳ ನಡುವೆ ವೋಲ್ಟೇಜ್ ಬರುತ್ತದೆ. ಅದಕ್ಕೇ ನ್ಯೂಟ್ರಲ್‌ಅನ್ನೂ ಫೇಸ್ ಅಂತಲೇ ತಿಳಿದು ನೋಡಿ, ಮೀಟರ್ ಹಿಡಿಯಿರಿ, ಬಿಚ್ಚುವ ಮೊದಲು ಅರ್ಥ್‌ಗೆ ಸೇರಿಸಿ.

ಯುಪಿಎಸ್, ಸೋಲಾರ್ ಬಗ್ಗೆಯೂ ಕೇಳುತ್ತಾರೆ. ಚಾವಣಿಯ ಗ್ರಿಡ್ ಸೋಲಾರ್ ಇನ್ವರ್ಟರ್, ಲೈನ್ ಹೋದ ಎರಡು ಸೆಕೆಂಡಿನೊಳಗೆ ತಾನೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಮನೆಯ ಬ್ಯಾಟರಿ ಯುಪಿಎಸ್ಸಿನ ಒಳಗೂ ಮೇನ್‌ನಿಂದ ಬೇರೆ ಮಾಡುವ ರಿಲೇ ಇರುತ್ತದೆ, ವೈರಿಂಗ್ ಸರಿ ಇದ್ದರೆ. ಜನರೇಟರಿಗೆ ಇದ್ಯಾವುದೂ ಇಲ್ಲ, ಪೆಟ್ರೋಲ್ ಇರುವವರೆಗೂ ಅದು ತಳ್ಳುತ್ತಲೇ ಇರುತ್ತದೆ. ಹೋಂಸ್ಟೇ, ಅಡಿಕೆ ಸುಲಿಯುವ ಶೆಡ್, ಮದುವೆ ಮನೆ ಇವು ಟಿಸಿ ಹತ್ತಿರ ಇದ್ದರೆ ಒಂದು ಸುತ್ತು ನಡೆದು ನೋಡಿ ಬನ್ನಿ.

ಜಿಓಎಸ್: ಹಿಡಿಕೆಯನ್ನು ನಂಬಬೇಡಿ

ಹಿಡಿಕೆ ಕೆಳಗೆ ಬಂತು ಅಂದರೆ ಸ್ವಿಚ್ ತೆರೆಯಿತು ಅಂತ ಅಲ್ಲ. ನಮ್ಮ ಕಡೆಯ ಮಳೆಗೆ ಜಿಓಎಸ್‌ನ ಬೇರಿಂಗ್ ತುಕ್ಕು ಹಿಡಿದು, ಇನ್ಸುಲೇಟರ್ ಮೇಲೆ ಪಾಚಿ ಕಟ್ಟಿ, ಇಳಿ ಪೈಪಿನ ಜೋಡಣೆ ಸಡಿಲವಾಗಿ ಸುಮ್ನೆ ಸುತ್ತುತ್ತದೆ. ಒಮ್ಮೆ ಎರಡು ಬ್ಲೇಡ್ ಪೂರ್ತಿ ತೆರೆದು ಮೂರನೆಯದು ಬೆರಳಗಲ ಮಾತ್ರ ಎದ್ದು ನಿಂತಿತ್ತು. ನೆಲದಿಂದ ನೋಡಿದರೆ ಮೂರೂ ಒಂದೇ ಥರ. ಕಂಬದ ಪಕ್ಕಕ್ಕೆ ಹೋಗಿ, ಆಕಾಶದ ಬೆಳಕು ಹಿಂದೆ ಬರುವ ಹಾಗೆ ನಿಂತು ನೋಡಿದಾಗಷ್ಟೇ ಗೊತ್ತಾಯಿತು. ಮೂರೂ ಬ್ಲೇಡನ್ನು ಒಂದೊಂದಾಗಿ ಎರಡು ದಿಕ್ಕಿನಿಂದ ನೋಡಿ, ಬೆರಳು ತೋರಿಸಿ ಜೋರಾಗಿ "ಒಂದು, ಎರಡು, ಮೂರು" ಅಂತ ಎಣಿಸಿ. ಹುಡುಗರು ನಗುತ್ತಾರೆ, ನಗಲಿ. ಆಗುಂಬೆ ಕಡೆಯ ಹಾಗೆ ಮಂಜು ಮುಸುಕಿ ಬ್ಲೇಡೇ ಕಾಣದಿದ್ದರೆ ಕಾಯಿರಿ.

ತೆರೆದ ಮೇಲೆ ಹಿಡಿಕೆಗೆ ನಿಮ್ಮದೇ ಬೀಗ. ಬೀಗದ ಕೈ ಕಂಬ ಹತ್ತುವವನ ಜೇಬಿನಲ್ಲಿ. ಆಮೇಲೆ ಟಿಸಿಯ ಎಚ್‌ಟಿ ಕಡೆಗಿರುವ ಎಚ್‌ಜಿ ಫ್ಯೂಸಿನ ಮೂರೂ ತಂತಿ ತೆಗೆಯಬೇಕು. ಆದರೆ ಅದು ಲೈನ್ ಸತ್ತಿದೆ ಅಂತ ನೋಡಿ, ಡಿಸ್ಚಾರ್ಜ್ ಮಾಡಿ, ಅರ್ಥ್ ಕಟ್ಟಿದ ಮೇಲಿನ ಕೆಲಸ.

ಸತ್ತಿದೆಯಾ ಅಂತ ನೋಡುವುದು

11 ಕೆವಿಗೆ ತಕ್ಕ ಡಿಟೆಕ್ಟರ್, ಒಣಗಿದ ಇನ್ಸುಲೇಟೆಡ್ ಕೋಲು, ಕೈಗೆ 11 ಕೆವಿ ಗ್ಲೌಸ್. ಎಲ್‌ಟಿ ಟೆಸ್ಟರನ್ನಾಗಲಿ, ಸ್ಕ್ರೂಡ್ರೈವರ್ ಥರದ ನಿಯಾನ್ ಟೆಸ್ಟರನ್ನಾಗಲಿ ಎಚ್‌ಟಿ ಹತ್ತಿರ ಒಯ್ಯಲೇಬೇಡಿ.

ನೋಡುವ ಮೊದಲು ಡಿಟೆಕ್ಟರ್ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ ಮಾಡಿ, ನೋಡಿ ಆದ ಮೇಲೆ ಮತ್ತೊಮ್ಮೆ ಮಾಡಿ. ಇಡೀ ಫೀಡರ್ ಸತ್ತಿರುವಾಗ ಹಿಡಿದು ನೋಡಲು ಲೈವ್ ಲೈನ್ ಹತ್ತಿರ ಇರುವುದಿಲ್ಲ, ಆಗ ಅದರ ಸೆಲ್ಫ್ ಟೆಸ್ಟ್ ಬಟನ್ ಬಳಸಿ. ಎರಡನೇ ಸಲದ ಪರೀಕ್ಷೆ ಯಾಕೆ ಅಂದರೆ, ಮಧ್ಯದಲ್ಲಿ ಬ್ಯಾಟರಿ ಸತ್ತಿದ್ದರೂ ಮೌನವೇ, ಲೈನ್ ಸತ್ತಿದ್ದರೂ ಮೌನವೇ.

ಮೂರು ಜಾಗ, ಪ್ರತಿ ಜಾಗದಲ್ಲಿ ಎಲ್ಲ ತಂತಿ: ಜಿಓಎಸ್‌ನ ಮೇಲಿನ ಲೈನ್, ಟಿಸಿಯ ಎಚ್‌ಟಿ ಜಂಪ್, ಮತ್ತು ಎಲ್‌ಟಿಯ ನಾಲ್ಕು ತಂತಿ. ಎಲ್‌ಟಿಗೆ ಮೀಟರ್ ಸಾಕು. ಅವತ್ತು ನಮ್ಮನ್ನು ಉಳಿಸಿದ್ದು ಮೇಲೆ ಮತ್ತು ಕೆಳಗೆ ಎರಡೂ ಕಡೆ ಹಿಡಿದು ನೋಡಿದ ಅಭ್ಯಾಸ. ಬರೀ ಮೇಲಿನ ಲೈನ್ ನೋಡಿ ಇಳಿದಿದ್ದರೆ ಈ ಲೇಖನ ಬೇರೆ ಯಾರಾದರೂ ಬರೆಯಬೇಕಿತ್ತು.

ಡಿಟೆಕ್ಟರ್ ಕೂಗಿದರೆ ಅದು ಹಾಳಾಗಿದೆ ಅನ್ನುವ ಮಾತನ್ನು ಕೊನೆಗೆ ಇಡಿ. ಮೊದಲು ಎಲ್‌ಟಿ ನೋಡಿ, ಜಿಓಎಸ್ ಬ್ಲೇಡ್ ನೋಡಿ, ಪಕ್ಕದಲ್ಲಿ ದೊಡ್ಡ ಲೈನ್ ಹೋಗಿದೆಯಾ ನೋಡಿ. ಜೋರು ಮಳೆಯಲ್ಲಿ ಈ ಕೆಲಸ ಮಾಡಬೇಡಿ. ನೀರು ಹರಿಯುವ ಕೋಲು ಇನ್ಸುಲೇಟರ್ ಅಲ್ಲ, ಬರೀ ಉದ್ದನೆಯ ಕೋಲು.

ಡಿಸ್ಚಾರ್ಜ್: ಒಂದು ಸದ್ದೋ, ಎರಡು ಸದ್ದೋ

ಡಿಸ್ಚಾರ್ಜ್ ರಾಡಿನ ಅರ್ಥ್ ಕ್ಲಾಂಪನ್ನು ಮೊದಲು ಅರ್ಥ್‌ಗೆ ಬಿಗಿಯಾಗಿ ಕಟ್ಟಿ. ಬಣ್ಣ, ತುಕ್ಕು ಇದ್ದರೆ ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ. ಆಮೇಲೆ ಕೋಲನ್ನು ಪೂರ್ತಿ ಉದ್ದ ಚಾಚಿ, ಹಿಡಿಯ ಗುರುತಿನಿಂದ ಮುಂದಕ್ಕೆ ಕೈ ತರದೆ, ಮುಖ ಸ್ವಲ್ಪ ಆಚೆ ಮಾಡಿ ಹತ್ತಿರದ ಫೇಸನ್ನು ಮುಟ್ಟಿಸಿ.

ಈಗ ಕಿವಿ ಕೊಡಿ. ಉಳಿದ ಚಾರ್ಜ್ ಇದ್ದರೆ ಒಂದು ಸಲ ಚಟ್ ಅನ್ನುತ್ತದೆ, ಅಷ್ಟೇ. ಕೋಲು ತೆಗೆದು ತಕ್ಷಣ ಮತ್ತೆ ಮುಟ್ಟಿಸಿದರೆ ಸದ್ದು ಬರಬಾರದು. ಎರಡನೇ ಸಲವೂ ಚಟ್ ಅಂದರೆ ಅದು ಹಳೇ ಚಾರ್ಜ್ ಅಲ್ಲ, ಎಲ್ಲಿಂದಲೋ ಹೊಸದಾಗಿ ತುಂಬುತ್ತಿದೆ ಅಂತ ಅರ್ಥ. ಸಣ್ಣ ಸದ್ದು ಪ್ರತಿ ಸಲವೂ ಬಂದರೆ ಸಾಮಾನ್ಯವಾಗಿ ಪಕ್ಕದ ದೊಡ್ಡ ಲೈನಿನ ಇಂಡಕ್ಷನ್. ಶರಾವತಿ ಕಡೆಯಿಂದ ಹೊರಟ ಹೈ ವೋಲ್ಟೇಜ್ ಲೈನುಗಳು ನಮ್ಮ ಕಾಡುಗಳಲ್ಲಿ ಹಾದುಹೋಗುತ್ತವೆ. ಅಂಥ ಲೈನಿನ ಪಕ್ಕದಲ್ಲೇ ಒಂದಿಷ್ಟು ದೂರ 11 ಕೆವಿ ಲೈನ್ ಸಾಗಿದ್ದರೆ, ಅದನ್ನು ಎರಡೂ ಕಡೆ ಬಿಡಿಸಿಟ್ಟಿದ್ದರೂ ಅದರಲ್ಲಿ ವೋಲ್ಟೇಜ್ ಕೂತಿರುತ್ತದೆ. ಸುಮ್ಮನೆ ಒಮ್ಮೆ ಮುಟ್ಟಿಸಿ ತೆಗೆದರೆ ಅದು ಹೋಗುವುದಿಲ್ಲ, ಅರ್ಥ್ ಕಟ್ಟಿಯೇ ಇರಬೇಕು. ಗುಂಯ್ ಎಂದು ಬಿಡದೆ ಸದ್ದು ಬಂದು ಬೆಂಕಿ ಎಳೆದರೆ ಅದು ಸಪ್ಲೈ. ಕೋಲು ಹಿಂದಕ್ಕೆ ತೆಗೆದುಕೊಂಡು ಎಲ್ಲರೂ ದೂರ ಸರಿದು, ಮೊದಲಿನಿಂದ ಹುಡುಕಿ.

ಟಿಸಿ ಕಾಯಿಲ್ ತಾನೇ ಹೆಚ್ಚು ಚಾರ್ಜ್ ಹಿಡಿಯುವುದಿಲ್ಲ. ಹಿಡಿಯುವುದು ಅದಕ್ಕೆ ಸೇರಿದ ಸಾಮಾನು. ಒಂದು, ಎಚ್‌ಟಿ ಕೇಬಲ್. ಪೇಟೆಯಲ್ಲಿ, ಆಸ್ಪತ್ರೆ, ಅಪಾರ್ಟ್‌ಮೆಂಟ್ ಇರುವ ಕಡೆ ಟಿಸಿಗೆ ನೆಲದೊಳಗಿನ ಕೇಬಲ್ ಬರುತ್ತದೆ, ಅದು ಉದ್ದಕ್ಕೂ ಒಂದು ಕೆಪಾಸಿಟರೇ. ಎರಡು, ಎಲ್‌ಟಿಗೆ ಹಾಕಿರುವ ಕೆಪಾಸಿಟರ್ ಬಾಕ್ಸು. ಅದರೊಳಗೆ ಚಾರ್ಜ್ ಇಳಿಸುವ ರೆಸಿಸ್ಟರ್ ಇರುತ್ತದೆ, ಆದರೆ ಅದು ಸುಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಆಫ್ ಮಾಡಿ ಐದು ನಿಮಿಷ ಬಿಟ್ಟು, ಮೀಟರಿನಲ್ಲಿ ನೋಡಿ, ಆಮೇಲೆ ಟರ್ಮಿನಲ್‌ಗಳನ್ನು ಒಂದಕ್ಕೊಂದು ಮತ್ತು ಅರ್ಥ್‌ಗೆ ಸೇರಿಸಿ. ಈ ಶಾಕ್ ಹೊಡೆದು ಸಾಯದಿದ್ದರೂ ಬೆಚ್ಚಿ ಕೈ ಬಿಟ್ಟು ಕಂಬದಿಂದ ಬೀಳುವುದು ಸಾಕಾಗುತ್ತದೆ.

ಅರ್ಥ್ ಕಟ್ಟುವುದು, ಮತ್ತು ಮೂರೂ ಫೇಸ್ ಯಾಕೆ ಸೇರಿಸಬೇಕು

ಕ್ರಮ ಒಂದೇ ವಾಕ್ಯದಲ್ಲಿ: ಕಟ್ಟುವಾಗ ನೆಲದ ತುದಿ ಮೊದಲು ತಂತಿಯ ತುದಿ ಆಮೇಲೆ, ಬಿಚ್ಚುವಾಗ ತಂತಿಯ ತುದಿ ಮೊದಲು ನೆಲದ ತುದಿ ಕೊನೆಗೆ. ತಲೆಕೆಳಗಾದರೆ ನಿಮ್ಮ ಕೈಯಲ್ಲಿರುವ ಸಡಿಲ ಕ್ಲಾಂಪೇ ಲೈವ್ ಆಗುತ್ತದೆ.

ಹುಡುಗರು ಕೇಳುತ್ತಾರೆ, ಒಂದೊಂದು ಫೇಸನ್ನು ಬೇರೆ ಬೇರೆ ಅರ್ಥ್‌ಗೆ ಕಟ್ಟಿದರೆ ಸಾಲದಾ ಅಂತ. ಸಾಲದು. ನಮ್ಮದು ಜಂಬಿಟ್ಟಿಗೆ ಕಲ್ಲಿನ ನೆಲ. ಏಪ್ರಿಲ್‌ನಲ್ಲಿ ಒಣಗಿದಾಗ ಅರ್ಥ್ ಪೈಪಿನ ರೆಸಿಸ್ಟೆನ್ಸ್ 20 ಓಮ್ ಇದೆ ಅಂತಿಟ್ಟುಕೊಳ್ಳಿ. ಯಾರೋ ತಪ್ಪಿ ಲೈನ್ ಹಾಕಿದರು, ಒಂದು ಫೇಸ್ ಮಾತ್ರ ಆ ಪೈಪಿಗೆ ಸೇರಿದೆ. ಫೇಸಿನಿಂದ ನೆಲಕ್ಕೆ 6,350 ವೋಲ್ಟ್, ಭಾಗಿಸು 20, ಹೆಚ್ಚೆಂದರೆ 317 ಆಂಪ್ಸ್. ಬೇರೆ ತಡೆಗಳೂ ಸೇರಿ ಇನ್ನೂ ಕಡಿಮೆ ಆಗುತ್ತದೆ. ಬ್ರೇಕರ್ ಬೀಳಲು ತಡ ಮಾಡಬಹುದು, ಅಷ್ಟು ಹೊತ್ತು ಆ ಪೈಪು, ಟಿಸಿಯ ಬಾಡಿ, ಕಬ್ಬಿಣದ ಚಾನೆಲ್ ಎಲ್ಲವೂ ಸಾವಿರಾರು ವೋಲ್ಟ್‌ನಲ್ಲಿ ಕುಣಿಯುತ್ತವೆ. ಮೂರೂ ಫೇಸನ್ನು ದಪ್ಪ ತಾಮ್ರದ ಲೀಡಿನಲ್ಲಿ ಒಂದಕ್ಕೊಂದು ಸೇರಿಸಿ ಆಮೇಲೆ ಅರ್ಥ್‌ಗೆ ಕಟ್ಟಿದ್ದರೆ, ಲೈನ್ ಹಾಕಿದ ಕೂಡಲೇ ಅದು ನೇರ ಮೂರು ಫೇಸ್ ಶಾರ್ಟ್. ಕರೆಂಟು ನೆಲವನ್ನು ಕಾಯುವುದಿಲ್ಲ, ತಾಮ್ರದಲ್ಲೇ ಸುತ್ತುತ್ತದೆ, ಬ್ರೇಕರ್ ತಕ್ಷಣ ಬೀಳುತ್ತದೆ. ಕೆಟ್ಟ ನೆಲದಲ್ಲಿ ನಿಮ್ಮನ್ನು ಕಾಯುವುದು ಈ ಶಾರ್ಟು.

ಅದಕ್ಕೇ ಲೀಡು ದಪ್ಪ ಇರಬೇಕು. ಬೈಂಡಿಂಗ್ ವೈರು, ಫ್ಯೂಸ್ ತಂತಿ, ಸರಪಳಿ ಎಸೆಯುವುದು ಇದ್ಯಾವುದೂ ಅರ್ಥಿಂಗ್ ಅಲ್ಲ. 25 ಚದರ ಮಿಲಿಮೀಟರಿಗಿಂತ ಸಣ್ಣ ತಾಮ್ರದ ಲೀಡ್ ನಾನು ಕಟ್ಟುವುದಿಲ್ಲ. ಸಬ್‌ಸ್ಟೇಷನ್ ಹತ್ತಿರದ ಟಿಸಿಗೆ ಇನ್ನೂ ದಪ್ಪದ್ದು ಬೇಕು, ಅಲ್ಲಿ ಶಾರ್ಟ್ ಕರೆಂಟು ಜಾಸ್ತಿ. ಲೀಡಿನ ಪ್ಲಾಸ್ಟಿಕ್ ಒಳಗೆ ಎಳೆಗಳು ಹಸಿರು ಕಟ್ಟಿ ತುಂಡಾಗಿರುತ್ತವೆ, ಕ್ಲಾಂಪಿನ ಬುಡದಲ್ಲಿ ಬಗ್ಗಿಸಿ ನೋಡಿ.

ಎಲ್ಲಿಗೆ ಕಟ್ಟುವುದು? ಟಿಸಿ ಕಟ್ಟೆಯಲ್ಲಿ ಲೈಟ್ನಿಂಗ್ ಅರೆಸ್ಟರಿಗೆ, ನ್ಯೂಟ್ರಲ್‌ಗೆ, ಬಾಡಿಗೆ ಅಂತ ಬೇರೆ ಬೇರೆ ಅರ್ಥ್ ಇರುತ್ತವೆ. ಪಟ್ಟಿ ನೆಲಕ್ಕೆ ಇಳಿಯುವ ಜಾಗದಲ್ಲಿ ಮಣ್ಣು ಕೆದಕಿ ನೋಡಿ, ಅಲ್ಲೇ ತುಕ್ಕು ಹಿಡಿದು ಕಡಿದಿರುತ್ತದೆ. ಸಂಶಯ ಬಂದರೆ ನಿಮ್ಮದೇ ಮೊಳೆ ರಾಡ್ ಹೊಡೆದು, ಅದನ್ನೂ ಬಾಡಿ ಅರ್ಥ್‌ಗೆ ಸೇರಿಸಿ. ಎಲ್ಲ ಅರ್ಥ್‌ಗಳೂ ಒಂದೇ ಬಿಂದುವಿಗೆ ಸೇರಿರಲಿ, ಆಗ ನೀವು ನಿಂತಿರುವ ಚಾನೆಲ್ ಮತ್ತು ಕೈಯಲ್ಲಿರುವ ಬುಶಿಂಗ್ ನಡುವೆ ವ್ಯತ್ಯಾಸ ಬರುವುದಿಲ್ಲ.

ನಮ್ಮ 63 ಕೆವಿಎ ಟಿಸಿಗೆ ಕೊನೆಗೆ ಕಟ್ಟಿದ್ದು ಮೂರು ಸೆಟ್. ಜಿಓಎಸ್ ಮೇಲಿನ ಲೈನಿಗೆ ಒಂದು, ಎಚ್‌ಜಿ ಫ್ಯೂಸ್ ಕೆಳಗಿನ ಎಚ್‌ಟಿ ಜಂಪಿಗೆ ಒಂದು, ಎಲ್‌ಟಿಯ ನಾಲ್ಕೂ ತಂತಿಗೆ, ಲೈನಿನ ಕಡೆಗೆ, ಒಂದು. ಎಲ್‌ಟಿ ಲೈನಿನ ಕಡೆಗೆ ಕಟ್ಟಿದ್ದರ ಲಾಭ ಏನು ಅಂದರೆ, ಇನ್ನೊಂದು ಮನೆಯವರು ಆಮೇಲೆ ಜನರೇಟರ್ ಹಾಕಿದರೂ ಅದು ಅಲ್ಲೇ ಶಾರ್ಟ್ ಆಗಿ ಮಲಗುತ್ತದೆ. ಎಲ್‌ಸಿ ಪುಸ್ತಕದಲ್ಲಿ "ಅರ್ಥ್ 3" ಅಂತ ಬರೆದೆ.

ಗುಡುಗು ಮತ್ತೆ ಶುರುವಾದರೆ ಅರ್ಥ್ ಕಟ್ಟಿದ್ದರೂ ಇಳಿಯಿರಿ. ದೂರದಲ್ಲಿ ಎಲ್ಲೋ ಲೈನಿಗೆ ಬಿದ್ದ ಸಿಡಿಲು ನಿಮ್ಮ ಕಂಬದವರೆಗೂ ಬರಬಹುದು. ನಾವು ಅವತ್ತು ಹಾಗೆ ಎರಡು ಸಲ ಇಳಿದು ಹತ್ತಿದೆವು.

ಮೆಗ್ಗರ್ ಹಾಕುವುದಿದ್ದರೆ

ಇಲ್ಲಿ ಸಣ್ಣ ಬಲೆ ಇದೆ. ಇನ್ಸುಲೇಶನ್ ನೋಡಲು ಎಚ್‌ಟಿ ಜಂಪ್ ಬಿಚ್ಚಿ, ಬುಶಿಂಗಿನ ಅರ್ಥ್ ಸೆಟ್ ತೆಗೆಯಲೇಬೇಕು. ಅದೊಂದನ್ನೇ ತೆಗೆಯಿರಿ, ಲೈನಿನ ಕಡೆಯ ಎರಡು ಸೆಟ್ ಹಾಗೇ ಇರಲಿ. ಮೆಗ್ಗರ್ 2,500 ಅಥವಾ 5,000 ವೋಲ್ಟ್ ಡಿಸಿಯನ್ನು ಒಳಗೆ ತಳ್ಳುತ್ತದೆ. ಅಂದರೆ ಇದುವರೆಗೆ ಖಾಲಿ ಮಾಡಿದ ಟಿಸಿಗೆ ನಾವೇ ಚಾರ್ಜ್ ತುಂಬುತ್ತಿದ್ದೇವೆ. ಟೆಸ್ಟ್ ಮುಗಿದ ಮೇಲೆ ಒಂದು ಸಲ ಚಟ್ ಅನ್ನಿಸಿ ಬಿಟ್ಟರೆ ಆಗಲಿಲ್ಲ. ಎಣ್ಣೆ, ಕಾಗದದೊಳಗೆ ಹೀರಿಕೊಂಡ ಚಾರ್ಜ್ ಕೆಲವು ನಿಮಿಷದಲ್ಲಿ ಮತ್ತೆ ಮೇಲೆ ಬರುತ್ತದೆ. ಟೆಸ್ಟ್ ಎಷ್ಟು ಹೊತ್ತು ಮಾಡಿದಿರೋ ಕನಿಷ್ಠ ಅಷ್ಟು ಹೊತ್ತು ಶಾರ್ಟ್ ಮಾಡಿ ಅರ್ಥ್‌ಗೆ ಕಟ್ಟಿಡಿ. ನಾನು ಸಾಮಾನ್ಯವಾಗಿ ಅದರ ಎರಡು ಪಟ್ಟು ಬಿಡುತ್ತೇನೆ. ಕೇಬಲ್ ಸೇರಿದ್ದರೆ ಇನ್ನೂ ಜಾಸ್ತಿ.

ಬ್ಯಾಟರಿ ಇಟ್ಟು ಕಾಯಿಲ್ ಕಂಟಿನ್ಯೂಟಿ ನೋಡುವವರು ಇನ್ನೊಂದು ನೆನಪಿಡಿ. ಹರಿಯುತ್ತಿರುವ ಡಿಸಿಯನ್ನು ಥಟ್ಟನೆ ಕಿತ್ತರೆ ಕಾಯಿಲ್ ಒದೆಯುತ್ತದೆ. ಹನ್ನೆರಡು ವೋಲ್ಟ್ ಬ್ಯಾಟರಿ ಅಂತ ಬರಿಗೈಯಲ್ಲಿ ಎಳೆದ ನನ್ನ ಸಹೋದ್ಯೋಗಿಯ ಕೈ ಒಂದು ಗಂಟೆ ನಡುಗುತ್ತಿತ್ತು.

ವಾಪಸ್ ಹಾಕುವಾಗ

ಕೆಲಸ ಮುಗಿದ ಮೇಲೆ ಮೊದಲು ಜನ ಎಣಿಸಿ, ಆಮೇಲೆ ಸಾಮಾನು, ಆಮೇಲೆ ಅರ್ಥ್. ಎಚ್‌ಜಿ ಫ್ಯೂಸ್ ಕಟ್ಟಿದ ಮೇಲೆ ಮೂರು ಸೆಟ್ ಬಿಚ್ಚಿದಿರಾ? ಮೂರೂ ನೆಲದ ಮೇಲೆ ಕಣ್ಣಿಗೆ ಕಾಣಬೇಕು. ಜೀಪಿನಲ್ಲಿ ಇದೆ ಅಂತ ಯಾರೋ ಹೇಳುವುದು ಬೇಡ. ಅರ್ಥ್ ಬಿಚ್ಚಿದ ಕ್ಷಣದಿಂದ ಆ ಲೈನ್ ಬದುಕಿದೆ ಅಂತಲೇ ಲೆಕ್ಕ, "ಒಂದು ನಟ್ ಬಿಗಿ ಮಾಡ್ಬಿಡ್ತೀನಿ" ಅಂತ ಮತ್ತೆ ಹತ್ತುವಂತಿಲ್ಲ. ಹತ್ತಲೇಬೇಕಾದರೆ ಮತ್ತೆ ಮೊದಲಿನಿಂದ.

ಜಿಓಎಸ್ ತೆರೆದೇ ಇರುವಾಗ ಎಲ್‌ಸಿ ವಾಪಸ್ ಕೊಡಿ. ಎಲ್‌ಸಿ ತೆಗೆದುಕೊಂಡವರೇ, ಅದೇ ನಂಬರ್ ಹೇಳಿ ಕೊಡಬೇಕು. ಸಬ್‌ಸ್ಟೇಷನ್‌ನಿಂದ ಲೈನ್ ಬಂದ ಮೇಲೆ ಗ್ಲೌಸ್ ಹಾಕಿ ಜಿಓಎಸ್ ಒಂದೇ ಏಟಿಗೆ ಮುಚ್ಚಿ. ಎಲ್‌ಟಿ ಫ್ಯೂಸ್ ಇನ್ನೂ ನಿಮ್ಮ ಚೀಲದಲ್ಲೇ ಇರಲಿ. ಖಾಲಿ ಟಿಸಿಯ ಗುಂಯ್ ಸದ್ದು ಒಂದೇ ಸಮ ಇದೆಯಾ ಕೇಳಿ, ಮೀಟರ್ ಹಿಡಿದು ಫೇಸ್ ಫೇಸ್ ನಡುವೆ 433ರ ಆಸುಪಾಸು, ಮೂರೂ ಹತ್ತಿರ ಹತ್ತಿರ ಬರುತ್ತಿದೆಯಾ ನೋಡಿ, ಆಮೇಲೆ ಒಂದೊಂದಾಗಿ ಫ್ಯೂಸ್ ಹಾಕಿ.

ಅವತ್ತು ಫ್ಯೂಸ್ ಹಾಕುವ ಮೊದಲು ನಾನೇ ಆ ಜನರೇಟರಿನ ಮನೆಗೆ ನಡೆದುಹೋದೆ. ಫೇಸಿಗೆ ಲೈನ್ ಬಂದ ಹೊತ್ತಿಗೆ ಅವರ ಜನರೇಟರ್ ಪ್ಲಗ್ಗಿನಲ್ಲಿ ಓಡುತ್ತಲೇ ಇದ್ದರೆ ಅದು ಸುಟ್ಟುಹೋಗುತ್ತದೆ ಅಂದೆ. ನಮ್ಮ ಜೀವದ ವಿಷಯಕ್ಕಿಂತ ಇದು ಅವರಿಗೆ ಬೇಗ ನಾಟಿತು. ಎರಡು ಪಿನ್ನಿನ ಆ ವೈರನ್ನು ಅವರೇ ಕತ್ತಿಯಲ್ಲಿ ಮಧ್ಯಕ್ಕೆ ಕಡಿದು, ಚೇಂಜ್ ಓವರ್ ಸ್ವಿಚ್ಚಿಗೆ ಎಷ್ಟಾಗುತ್ತೆ ಸಾರ್ ಅಂತ ಕೇಳಿದರು.